ಗ್ರೇಟಿಂಗ್ ಸರಿಯಾಗಿಯೇ ಇದೆ, ಎಡವಿದ್ದು ಸೂತ್ರ

ಪ್ರಶ್ನೆ: "ನಾನು ಪದವಿ ಮೊದಲ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. 650 ನ್ಯಾನೋಮೀಟರ್ ಅಂತ ಬರೆದಿರುವ ಕೆಂಪು ಲೇಸರ್ ಇಟ್ಟು ಗ್ರೇಟಿಂಗ್ ಪ್ರಯೋಗ ಮಾಡಿದೆ. ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್, ಪರದೆ 2 ಮೀಟರ್ ದೂರ, ಮೊದಲ ಚುಕ್ಕೆ 13.0 ಸೆಂ.ಮೀ. ಲೆಕ್ಕ ಹಾಕಿದರೆ ಸರಿಯಾಗಿ 650 ಬಂತು. ಆಮೇಲೆ 600 ಗೆರೆಯ ಗ್ರೇಟಿಂಗ್ ಹಾಕಿ, ಪರದೆ 50 ಸೆಂ.ಮೀ. ದೂರ ಇಟ್ಟೆ. ಮೊದಲ ಚುಕ್ಕೆ 21.2, ಎರಡನೆಯದು 62.3 ಸೆಂ.ಮೀ. ಈಗ ಒಂದರಿಂದ 707, ಇನ್ನೊಂದರಿಂದ 1038 ಬರ್ತಿದೆ! ಗ್ರೇಟಿಂಗ್ ಹಾಳಾಗಿದೆಯಾ? ಪರದೆ ಇನ್ನೂ ದೂರ ಇಟ್ಟು ಕೋನ ಚಿಕ್ಕದು ಮಾಡಬೇಕಾ? ಕೋನ ಚಿಕ್ಕದಿದ್ದರೆ ಸೈನ್, ಟ್ಯಾನ್ ಎರಡೂ ಒಂದೇ ಅಂತ ಓದಿದ್ದೇನೆ. ಆದರೆ ಚಿಕ್ಕದು ಅಂದರೆ ಒಂದು ಕಡೆ 5 ಡಿಗ್ರಿ, ಇನ್ನೊಂದು ಕಡೆ 10, ಮತ್ತೊಂದು ಕಡೆ 15 ಅಂತಿದೆ. ಯಾವುದನ್ನು ನಂಬಲಿ?"

ಉತ್ತರ:

ನಿಮ್ಮ ಗ್ರೇಟಿಂಗ್‌ಗೆ ಏನೂ ಆಗಿಲ್ಲ. ಅಳತೆಯಂತೂ ತುಂಬ ಚೆನ್ನಾಗಿದೆ. ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು, ಒಂದೇ ಒಂದು ಕಡೆ ಬದಲಾಯಿಸಿ ನಾನು ಮತ್ತೆ ಲೆಕ್ಕ ಹಾಕಿದೆ. 707 ಇದ್ದದ್ದು 650.6 ಆಯಿತು. 1038 ಇದ್ದದ್ದು 649.9 ಆಯಿತು.

ಬದಲಾಯಿಸಿದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಗ್ರೇಟಿಂಗ್‌ನ ನಿಯಮ ಇದು:

d sin θ = m λ

d ಅಂದರೆ ಒಂದು ಗೆರೆಯಿಂದ ಮುಂದಿನ ಗೆರೆಗೆ ಇರುವ ಅಂತರ, m ಅಂದರೆ ಎಷ್ಟನೇ ಚುಕ್ಕೆ ಅನ್ನುವುದು, λ ಅಂದರೆ ತರಂಗದೂರ. ಇಲ್ಲಿ ಇರುವುದು ಸೈನ್. ಆದರೆ ನೀವು ಅಳೆದದ್ದು ಎರಡು ಉದ್ದಗಳನ್ನು: ನಡುವಿನ ಚುಕ್ಕೆಯಿಂದ ಪಕ್ಕದ ಚುಕ್ಕೆಗೆ y, ಗ್ರೇಟಿಂಗ್‌ನಿಂದ ಪರದೆಗೆ L. y ಅನ್ನು L ನಿಂದ ಭಾಗಿಸಿದರೆ ಸಿಗುವುದು ಟ್ಯಾನ್. ಸೈನ್ ಬೇಕಿದ್ದರೆ ಕರ್ಣದಿಂದ ಭಾಗಿಸಬೇಕು:

sin θ = y / √(y² + L²)

ನಿಮ್ಮ ಮೊದಲ ಚುಕ್ಕೆಗೆ ಕರ್ಣ 54.309 ಸೆಂ.ಮೀ. 21.2 ಅನ್ನು ಅದರಿಂದ ಭಾಗಿಸಿದರೆ 0.39036. ಮಿಲಿಮೀಟರಿಗೆ 600 ಗೆರೆ ಅಂದರೆ d ಸುಮಾರು 1666.7 ನ್ಯಾನೋಮೀಟರ್. ಗುಣಿಸಿ ನೋಡಿ, 650.6. ಎರಡನೇ ಚುಕ್ಕೆಗೆ ಕರ್ಣ 79.883, ಸೈನ್ 0.77989, ಅದನ್ನು d ಯಿಂದ ಗುಣಿಸಿ 2 ರಿಂದ ಭಾಗಿಸಿದರೆ 649.9. ಲೇಸರ್ ಮೇಲೆ ಬರೆದಿದ್ದೂ ಅದೇ ಅಲ್ವಾ?

ನೀವು ಸೈನ್ ಇರಬೇಕಾದ ಜಾಗದಲ್ಲಿ 0.424 ಇಟ್ಟಿರಿ. ಅದು ಟ್ಯಾನ್. ಹಾಗೆ ಇಡುವ ಅಭ್ಯಾಸ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ಪ್ರತಿ ವರ್ಷ ಲ್ಯಾಬ್‌ನಲ್ಲಿ ನೋಡುತ್ತೇನೆ. ನಾವೆಲ್ಲ ಮೊದಲು ಕಲಿಯುವುದು ಜೋಡಿ ಸೀಳಿನ ಪ್ರಯೋಗ. ಅಲ್ಲಿ y = m λ L / d ಅಂತ ಒಂದು ಸೂತ್ರ ಬಾಯಿಪಾಠ ಆಗುತ್ತದೆ. ಆ ಸೂತ್ರದೊಳಗೆ ಸೈನ್ ಮತ್ತು ಟ್ಯಾನ್ ಒಂದೇ ಅನ್ನುವ ಅಂದಾಜು ಆಗಲೇ ಸೇರಿಹೋಗಿದೆ, ಕಣ್ಣಿಗೆ ಕಾಣುವುದಿಲ್ಲ. ಜೋಡಿ ಸೀಳಿನಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಸೀಳುಗಳ ಅಂತರ 0.25 ಮಿ.ಮೀ. ಇದೆ ಅನ್ನಿ. ನಿಮ್ಮ ಲೇಸರ್‌ಗೆ ಮೊದಲ ಪಟ್ಟಿಯ ಕೋನ 0.15 ಡಿಗ್ರಿ ಮಾತ್ರ. 2 ಮೀಟರ್ ದೂರದ ಪರದೆಯಲ್ಲಿ ಆ ಪಟ್ಟಿ ನಡುವಿನಿಂದ 5.2 ಮಿ.ಮೀ. ದೂರದಲ್ಲಿ ಬೀಳುತ್ತದೆ. ಸೈನ್ ಬದಲು ಟ್ಯಾನ್ ಹಿಡಿದದ್ದರಿಂದ ಈ ಜಾಗದಲ್ಲಿ ಆಗುವ ತಪ್ಪು ಸುಮಾರು 18 ನ್ಯಾನೋಮೀಟರ್. ಬೆಳಕಿನ ತರಂಗದೂರಕ್ಕಿಂತಲೂ ಎಷ್ಟೋ ಕಡಿಮೆ! ಯಾವ ಸ್ಕೇಲಿಗೂ ಅದು ಕಾಣುವುದಿಲ್ಲ. ಅದೇ ಸೂತ್ರವನ್ನು 600 ಗೆರೆಯ ಗ್ರೇಟಿಂಗ್‌ಗೆ ಹಾಕಿದರೆ ಕೋನ 0.15 ಡಿಗ್ರಿಯಿಂದ 23 ಡಿಗ್ರಿಗೆ ಹಾರುತ್ತದೆ. ಎರಡನೇ ಚುಕ್ಕೆಗೆ 51 ಡಿಗ್ರಿ. ಅಲ್ಲಿ ಸೂತ್ರ ಕೈಕೊಡುತ್ತದೆ.

ಈಗ ಈ ತಪ್ಪು ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಬರೋಣ. ನಿಮ್ಮ 5, 10, 15 ರ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ.

ತ್ರಿಜ್ಯ 1 ಇರುವ ಒಂದು ವೃತ್ತ ಬರೆಯಿರಿ. ಮಧ್ಯದಿಂದ ಬಲಕ್ಕೆ ಅಡ್ಡ ಗೆರೆ, ಅದರಿಂದ θ ಕೋನ ಮೇಲಕ್ಕೆ ಇನ್ನೊಂದು ಗೆರೆ. ಆ ಎರಡು ಗೆರೆಗಳ ನಡುವೆ ವೃತ್ತದ ಮೇಲೆ ಬರುವ ಕಂಸದ ಉದ್ದವೇ ರೇಡಿಯನ್‌ನಲ್ಲಿ θ. ಎರಡನೇ ಗೆರೆ ವೃತ್ತವನ್ನು ಮುಟ್ಟುವ ಬಿಂದುವಿನಿಂದ ಅಡ್ಡ ಗೆರೆಗೆ ನೇರ ಕೆಳಗೆ ಇಳಿಸಿದ ಗೆರೆ ಸೈನ್. ಅಡ್ಡ ಗೆರೆ ವೃತ್ತವನ್ನು ಮುಟ್ಟುವ ಕಡೆ ನೆಟ್ಟಗೆ ಗೋಡೆ ಎಬ್ಬಿಸಿ, ಎರಡನೇ ಗೆರೆಯನ್ನು ಆ ಗೋಡೆಯವರೆಗೆ ಎಳೆದರೆ, ಅದು ಗೋಡೆಗೆ ತಗಲುವ ಎತ್ತರ ಟ್ಯಾನ್. ಚಿತ್ರ ಬರೆದು ನೋಡಿದರೆ ಸೈನ್ ಎಲ್ಲಕ್ಕಿಂತ ಗಿಡ್ಡ, ಟ್ಯಾನ್ ಎಲ್ಲಕ್ಕಿಂತ ಉದ್ದ, ಕಂಸ ಎರಡರ ನಡುವೆ. ಕೋನ 90 ಡಿಗ್ರಿಗಿಂತ ಕಡಿಮೆ ಇರುವವರೆಗೆ ಈ ಸಾಲು ಎಂದೂ ಅದಲುಬದಲಾಗುವುದಿಲ್ಲ. ನಿಮ್ಮ ಪರದೆಯೇ ಆ ಗೋಡೆ. ಗೋಡೆಯ ಮೇಲೆ ಅಳೆದಿರಿ, ಹಾಗಾಗಿ ಟ್ಯಾನ್ ಸಿಕ್ಕಿತು.

ತಪ್ಪು ಬೆಳೆಯುವ ವೇಗಕ್ಕೆ ಕಾರಣವೂ ಇದೇ ಚಿತ್ರದಲ್ಲಿದೆ. ಕೋನ ಸ್ವಲ್ಪ ಸ್ವಲ್ಪವೇ ಹೆಚ್ಚಿದಾಗ ಸೈನ್ ಬೆಳೆಯುವ ದರ cos θ. ಶುರುವಿನಲ್ಲಿ ಅದು 1, ಅಂದರೆ ಸೈನ್ ಮತ್ತು ಕಂಸ ಒಂದೇ ಹೆಜ್ಜೆ ಹಾಕುತ್ತವೆ. ಆಮೇಲೆ ಆ ದರ ಸುಮಾರು θ²/2 ರಷ್ಟು ಕುಸಿಯುತ್ತದೆ. ಆದರೆ ಕುಸಿತ ಪೂರ್ತಿ ದಾರಿಯಲ್ಲಿ ಅಷ್ಟೇ ಇರಲಿಲ್ಲ, ಸೊನ್ನೆಯಿಂದ ಶುರುವಾಗಿ ಕೊನೆಗೆ ಅಷ್ಟಾಯಿತು. ವರ್ಗದ ಹಾಗೆ ಬೆಳೆಯುವ ಯಾವುದಕ್ಕೂ ಸರಾಸರಿ ಅಂದರೆ ಕೊನೆಯ ಬೆಲೆಯ ಮೂರರಲ್ಲಿ ಒಂದು ಭಾಗ. ಹಾಗಾಗಿ ಸೈನ್ ಹಿಂದೆ ಬೀಳುವುದು θ²/6 ರಷ್ಟು. ಟ್ಯಾನ್ ಕಥೆ ಉಲ್ಟಾ. ಅದು ಬೆಳೆಯುವ ದರ 1/cos² θ, ಅದು ಸುಮಾರು θ² ರಷ್ಟು ಏರುತ್ತದೆ, ಅದರ ಮೂರನೇ ಒಂದು ಭಾಗ θ²/3. ಪುಸ್ತಕದಲ್ಲಿ ಇದನ್ನೇ ಸರಣಿಯ ರೂಪದಲ್ಲಿ ಬರೆದಿರುತ್ತಾರೆ:

sin θ = θ − θ³/6 + …
tan θ = θ + θ³/3 + …

ಎರಡು ವಿಷಯ ಗಮನಿಸಿ. ಟ್ಯಾನ್‌ನ ತಪ್ಪು ಸೈನ್‌ನ ತಪ್ಪಿಗಿಂತ ಎರಡು ಪಟ್ಟು. ಮತ್ತೆ, ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ. ಇದು ನಿಮ್ಮ ಲೆಕ್ಕಕ್ಕೆ ತುಂಬ ಮುಖ್ಯ. ಎಷ್ಟೋ ಜನ "ಒಂದು ಕಡಿಮೆ, ಒಂದು ಜಾಸ್ತಿ, ಹಾಗಾದರೆ ಎರಡೂ ಹೊಡೆದುಹೋಗುತ್ತವೆ ಬಿಡಿ" ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಟ್ಯಾನ್ ತೆಗೆದು ಸೈನ್ ಜಾಗದಲ್ಲಿ ಇಡುವಾಗ ನೀವು ಟ್ಯಾನ್‌ನಿಂದ ಕಂಸಕ್ಕೆ, ಕಂಸದಿಂದ ಸೈನ್‌ಗೆ, ಎರಡು ಮೆಟ್ಟಿಲನ್ನೂ ಒಂದೇ ದಿಕ್ಕಿನಲ್ಲಿ ಇಳಿಯಬೇಕಿತ್ತು. ಇಳಿಯಲಿಲ್ಲ. ಹಾಗಾಗಿ ಎರಡು ತಪ್ಪೂ ಸೇರಿಕೊಂಡವು. ನಿಮ್ಮ 23 ಡಿಗ್ರಿಯಲ್ಲಿ ಟ್ಯಾನ್ ಕಂಸಕ್ಕಿಂತ ಶೇಕಡಾ 5.7 ಜಾಸ್ತಿ, ಕಂಸ ಸೈನ್‌ಗಿಂತ ಶೇಕಡಾ 2.7 ಜಾಸ್ತಿ. ಎರಡೂ ಸೇರಿ ಶೇಕಡಾ 8.6. 650 ಇದ್ದದ್ದು 707 ಆದದ್ದು ಹೀಗೆ.

ಈ ತಪ್ಪುಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಲು ನಾನು ಒಂದು ಉಪಾಯ ಬಳಸುತ್ತೇನೆ. ಕೋನವನ್ನು ಡಿಗ್ರಿಯಲ್ಲೇ ಇಟ್ಟುಕೊಳ್ಳಿ, ವರ್ಗ ಮಾಡಿ, 100 ರಿಂದ ಭಾಗಿಸಿ. ಬಂದದ್ದು ಟ್ಯಾನ್‌ನ ತಪ್ಪು, ಶೇಕಡಾದಲ್ಲಿ. ಅದರ ಅರ್ಧ ಸೈನ್‌ನ ತಪ್ಪು. ಎರಡನ್ನೂ ಕೂಡಿಸಿದರೆ ಟ್ಯಾನ್ ಅನ್ನೇ ಸೈನ್ ಅಂದುಕೊಂಡಾಗಿನ ತಪ್ಪು. ಉದಾಹರಣೆಗೆ 20 ಡಿಗ್ರಿ: ವರ್ಗ 400, ಹಾಗಾಗಿ ಟ್ಯಾನ್‌ಗೆ ಶೇಕಡಾ 4, ಸೈನ್‌ಗೆ 2, ಎರಡೂ ಸೇರಿ 6. ನಿಜವಾದ ಬೆಲೆಗಳು ಇಲ್ಲಿವೆ, ಹೋಲಿಸಿ ನೋಡಿ:

| ಕೋನ | ಸೈನ್ ಬದಲು θ (ಶೇಕಡಾ) | ಟ್ಯಾನ್ ಬದಲು θ (ಶೇಕಡಾ) | ಸೈನ್ ಬದಲು ಟ್ಯಾನ್ (ಶೇಕಡಾ) |
|---|---|---|---|
| 5° | 0.13 ಜಾಸ್ತಿ | 0.25 ಕಡಿಮೆ | 0.38 ಜಾಸ್ತಿ |
| 10° | 0.51 ಜಾಸ್ತಿ | 1.02 ಕಡಿಮೆ | 1.54 ಜಾಸ್ತಿ |
| 20° | 2.06 ಜಾಸ್ತಿ | 4.10 ಕಡಿಮೆ | 6.42 ಜಾಸ್ತಿ |
| 30° | 4.72 ಜಾಸ್ತಿ | 9.31 ಕಡಿಮೆ | 15.5 ಜಾಸ್ತಿ |
| 45° | 11.1 ಜಾಸ್ತಿ | 21.5 ಕಡಿಮೆ | 41.4 ಜಾಸ್ತಿ |

5 ರಿಂದ 10 ಕ್ಕೆ, 10 ರಿಂದ 20 ಕ್ಕೆ ಹೋದಾಗ ಮೊದಲ ಎರಡು ಕಾಲಂಗಳನ್ನು ನೋಡಿ. ಕೋನ ಎರಡು ಪಟ್ಟಾದರೆ ಶೇಕಡಾವಾರು ತಪ್ಪು ನಾಲ್ಕು ಪಟ್ಟು. ಕೊನೆಯ ಕಾಲಂ ಮಾತ್ರ ದೊಡ್ಡ ಕೋನಗಳಲ್ಲಿ ಉಪಾಯಕ್ಕಿಂತ ಬೇಗ ಓಡುತ್ತದೆ. ಅಲ್ಲಿ ತಪ್ಪು ನಿಖರವಾಗಿ 1/cos θ − 1, ಮತ್ತು ಕಾಸ್ ಸೊನ್ನೆಯ ಕಡೆಗೆ ಇಳಿಯುತ್ತಾ ಹೋದಂತೆ ಅದಕ್ಕೆ ಮೇಲ್ಮಿತಿಯೇ ಇಲ್ಲ. 30 ಡಿಗ್ರಿ ದಾಟಿದ ಮೇಲೆ ನನ್ನ ಉಪಾಯವನ್ನು ಈ ಕಾಲಂಗೆ ಹಚ್ಚಬೇಡಿ. ನಿಮ್ಮ ಎರಡನೇ ಚುಕ್ಕೆಯ 51 ಡಿಗ್ರಿಗೆ ಅದು ಶೇಕಡಾ 39 ಅನ್ನುತ್ತದೆ, ನಿಜವಾದ ತಪ್ಪು ಶೇಕಡಾ 60. ಕಣ್ಣಿಗೆ ಕೆಂಪಾಗಿ ಕಾಣುತ್ತಿರುವ ಬೆಳಕು ನಿಮ್ಮ ಲೆಕ್ಕದಲ್ಲಿ ಅವಕೆಂಪು ಆಗಿಬಿಟ್ಟಿತು!

ಇನ್ನು ಪುಸ್ತಕಗಳ ಜಗಳ. ಶೇಕಡಾ 1 ರಷ್ಟು ತಪ್ಪು ಪರವಾಗಿಲ್ಲ ಅಂತ ಇಟ್ಟುಕೊಳ್ಳೋಣ. ಸೈನ್ ಬದಲು θ ಹಾಕಿದರೆ ಆ ಗಡಿ 14 ಡಿಗ್ರಿಗೆ ಬರುತ್ತದೆ. ಟ್ಯಾನ್ ಬದಲು θ ಹಾಕಿದರೆ 9.9 ಡಿಗ್ರಿಗೆ. ಸೈನ್ ಬದಲು ಟ್ಯಾನ್ ಹಾಕಿದರೆ 8 ಡಿಗ್ರಿಗೇ ಬಂದುಬಿಡುತ್ತದೆ. ಒಂದೇ ಶೇಕಡಾ 1, ಮೂರು ಗಡಿಗಳು. 15 ಅನ್ನುವವರ ಮನಸ್ಸಿನಲ್ಲಿ ಸೈನ್ ಇದ್ದಿರಬಹುದು, 10 ಅನ್ನುವವರ ಮನಸ್ಸಿನಲ್ಲಿ ಟ್ಯಾನ್, 5 ಅನ್ನುವವರು ಇನ್ನೂ ಬಿಗಿ ಹಿಡಿದಿರಬಹುದು. ಯಾರೂ ತಪ್ಪು ಹೇಳಿಲ್ಲ. ಯಾವ ಅಂದಾಜು, ಎಷ್ಟು ತಪ್ಪಿಗೆ ಒಪ್ಪಿಗೆ ಅನ್ನುವ ಎರಡನೇ ಅರ್ಧ ವಾಕ್ಯವನ್ನು ಬಿಟ್ಟಿದ್ದಾರೆ ಅಷ್ಟೆ. ಹಾಗಾಗಿ ಡಿಗ್ರಿಯ ಗಡಿಯನ್ನು ನೆನಪಿಟ್ಟುಕೊಳ್ಳುವ ಬದಲು ನಿಮ್ಮ ಸ್ಕೇಲನ್ನು ಕೇಳಿ. 100 ಗೆರೆಯ ಗ್ರೇಟಿಂಗ್‌ನಲ್ಲಿ ನೀವು 13.0 ಸೆಂ.ಮೀ. ಅಳೆದಿರಿ. ಒಂದು ಮಿಲಿಮೀಟರ್ ಆಚೀಚೆ ಆದರೆ ಶೇಕಡಾ 0.8 ತಪ್ಪು. ಅಲ್ಲಿ ಕೋನ 3.7 ಡಿಗ್ರಿ, ಅಂದಾಜಿನ ತಪ್ಪು ಶೇಕಡಾ 0.2 ಮಾತ್ರ. ಸ್ಕೇಲಿಗೇ ಕಾಣದ ತಪ್ಪು, ಬಿಟ್ಟುಬಿಡಬಹುದು. ಅಂದಹಾಗೆ, ಅದನ್ನೂ ಸರಿಯಾಗಿ ಲೆಕ್ಕ ಹಾಕಿದರೆ 648.6 ಬರುತ್ತದೆ. ನಿಮಗೆ ಕರಾರುವಾಕ್ಕಾಗಿ 650 ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಅಳತೆಯ ತಪ್ಪು, ಅಂದಾಜಿನ ತಪ್ಪು ಎರಡೂ ಎದುರುಬದುರಾಗಿ ಕೂತಿದ್ದವು.

ಕೋನ ಚಿಕ್ಕದಿದ್ದಾಗ ಕಂಸವನ್ನೇ ಸೈನ್ ಅಂತ ಹಿಡಿಯುವುದು ಹೊಸದೇನಲ್ಲ. ಕ್ರಿ.ಶ. 499 ರ ಆರ್ಯಭಟೀಯದಲ್ಲಿ ಜ್ಯಾ ಕೋಷ್ಟಕ ಇದೆ. ಜ್ಯಾ ಅಂದರೆ ನಮ್ಮ ಸೈನ್ ಅನ್ನು ತ್ರಿಜ್ಯದಿಂದ ಗುಣಿಸಿದ್ದು. ಅಲ್ಲಿ ತ್ರಿಜ್ಯ 3438. ಈ ಬೆಲೆ ಹಿಡಿದರೆ ಒಂದು ಕಲೆಯಷ್ಟು ಕೋನಕ್ಕೆ, ಅಂದರೆ ಡಿಗ್ರಿಯ 60 ರಲ್ಲಿ ಒಂದು ಭಾಗಕ್ಕೆ, ಕಂಸದ ಉದ್ದ ಹೆಚ್ಚುಕಡಿಮೆ 1 ಆಗುತ್ತದೆ. ಮೆಟ್ಟಿಲು 225 ಕಲೆ, ನಮ್ಮ ಲೆಕ್ಕದಲ್ಲಿ 3.75 ಡಿಗ್ರಿ. ಮೊದಲ ಮೆಟ್ಟಿಲಿಗೆ ಜ್ಯಾ ಎಷ್ಟು ಗೊತ್ತಾ? 225. ಕಂಸ ಎಷ್ಟೋ ಜ್ಯಾ ಅಷ್ಟೇ. ನಿಖರವಾಗಿ ಹೇಳಬೇಕಾದರೆ 224.86, ಪೂರ್ಣಾಂಕ ಮಾಡಿದರೆ 225. ಆಮೇಲಿನ ಮೆಟ್ಟಿಲುಗಳಲ್ಲಿ ಜ್ಯಾ ಎಷ್ಟೆಷ್ಟು ಹೆಚ್ಚುತ್ತದೆ ಅನ್ನುವುದನ್ನೇ ಅಲ್ಲಿ ಕೊಟ್ಟಿರುವುದು: 225, 224, 222, 219, 215, 210, 205, 199… ಪ್ರತಿ ಮೆಟ್ಟಿಲಿಗೂ ಕಂಸ 225 ಹೆಚ್ಚುತ್ತಲೇ ಇದೆ, ಜ್ಯಾ ಮಾತ್ರ ಹಿಂದೆ ಬೀಳುತ್ತಿದೆ. ಮೊದಲು 1 ಕಡಿಮೆ, ಆಮೇಲೆ 3, 6, 10, 15. ಎಂಟು ಮೆಟ್ಟಿಲು ಹತ್ತಿದರೆ 30 ಡಿಗ್ರಿ. ಕಂಸ 1800 ಆಯಿತು. ಜ್ಯಾ ಕೂಡಿಸಿ ನೋಡಿ, 1719, ಅಂದರೆ 3438 ರ ಸರಿಯಾದ ಅರ್ಧ. 1800 ಕ್ಕೂ 1719 ಕ್ಕೂ ವ್ಯತ್ಯಾಸ ಶೇಕಡಾ 4.7. ಮೇಲಿನ ಪಟ್ಟಿಯಲ್ಲಿ 30 ಡಿಗ್ರಿಯ ಸಾಲಿನಲ್ಲಿ ಇರುವುದೂ ಅದೇ ಅಂಕಿ. ತಪ್ಪು ಮೊದಲು ಕಾಣದೇ ಇದ್ದು ಆಮೇಲೆ ಹೇಗೆ ಬೆಳೆಯುತ್ತದೆ ಅಂತ ತೋರಿಸಲು ನಾನು ಕ್ಲಾಸಿನಲ್ಲಿ ಸರಣಿಗಿಂತ ಮೊದಲು ಈ ಎಂಟು ಅಂಕಿಗಳನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಈಗ ಪರದೆ ದೂರ ಇಡುವ ವಿಚಾರ. ಇದು ಕೇಳಲು ಸರಿ ಅನ್ನಿಸುತ್ತದೆ, ಆದರೆ ಪ್ರಯೋಜನ ಇಲ್ಲ. ಬೆಳಕು ಗ್ರೇಟಿಂಗ್‌ನಿಂದ ಹೊರಡುವಾಗಲೇ ಕೋನ ನಿರ್ಧಾರ ಆಗಿರುತ್ತದೆ. ಅದನ್ನು ನಿರ್ಧರಿಸುವುದು ತರಂಗದೂರ ಮತ್ತು ಗೆರೆಗಳ ಅಂತರ. ಪರದೆಯನ್ನು 50 ಸೆಂ.ಮೀ.ನಿಂದ 5 ಮೀಟರ್‌ಗೆ ಒಯ್ದರೆ ಚುಕ್ಕೆ 21.2 ಸೆಂ.ಮೀ.ನಿಂದ 2.12 ಮೀಟರ್‌ಗೆ ಹೋಗುತ್ತದೆ. ಭಾಗಿಸಿದರೆ ಅದೇ 0.424, ಬರುವುದು ಅದೇ 707. ದೂರ ಇಟ್ಟರೆ ಸ್ಕೇಲಿನ ತಪ್ಪು ಕಡಿಮೆ ಆಗುತ್ತದೆ, ಅಂದಾಜಿನ ತಪ್ಪು ಕೂದಲೆಳೆಯಷ್ಟೂ ಕದಲುವುದಿಲ್ಲ. ಹತ್ತು ಸಲ ಅಳೆದು ಸರಾಸರಿ ತೆಗೆದರೂ ಅಷ್ಟೇ, ಹತ್ತು ಸಲವೂ 707 ರ ಆಸುಪಾಸಿನಲ್ಲೇ ಸುತ್ತುತ್ತದೆ.

ಹಾಗಾದರೆ ಏನು ಮಾಡಬಹುದು? ಮೊದಲ ದಾರಿ ಮೇಲೆ ಮಾಡಿ ತೋರಿಸಿದ್ದು, ಕರ್ಣದಿಂದ ಭಾಗಿಸುವುದು. ಒಂದು ವರ್ಗಮೂಲ ಅಷ್ಟೇ. ನನ್ನನ್ನು ಕೇಳಿದರೆ ಗ್ರೇಟಿಂಗ್‌ಗೆ ಯಾವಾಗಲೂ ಇದನ್ನೇ ಬಳಸಿ, ಅಂದಾಜಿನ ಗೋಜಿಗೇ ಹೋಗಬೇಡಿ. ಕ್ಯಾಲ್ಕುಲೇಟರ್‌ನಲ್ಲಿ ಮೊದಲು ಟ್ಯಾನ್‌ನಿಂದ ಕೋನ ತೆಗೆದು ಆಮೇಲೆ ಸೈನ್ ತೆಗೆದರೂ ಸರಿಯೇ. ಆದರೆ ಕೋನ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಅಂತ ನೋಡಿಕೊಳ್ಳಬೇಕು. ಸ್ಪ್ರೆಡ್‌ಶೀಟ್‌ನಲ್ಲಿ SIN ಗೆ ಕೊಡುವ ಕೋನ ರೇಡಿಯನ್‌ನಲ್ಲೇ ಇರಬೇಕು. ವರ್ಗಮೂಲದ ದಾರಿಯಲ್ಲಿ ಕೋನವೇ ಬರುವುದಿಲ್ಲ, ಹಾಗಾಗಿ ಆ ರಗಳೆಯೂ ಇಲ್ಲ.

ಎರಡನೇ ದಾರಿ ತಿದ್ದುಪಡಿ ಹಾಕುವುದು. y/L ಅನ್ನು t ಅಂತ ಕರೆದರೆ, sin θ ≈ t (1 − t²/2). ಕಾಗದದ ಮೇಲೆ ಸುಲಭ, ಅದಕ್ಕೆ ಜನ ಇಷ್ಟಪಡುತ್ತಾರೆ. ನಿಮ್ಮ ಮೊದಲ ಚುಕ್ಕೆಗೆ ಹಾಕಿದರೆ 643 ಬರುತ್ತದೆ. ಪರವಾಗಿಲ್ಲ, 707 ಕ್ಕಿಂತ ಎಷ್ಟೋ ವಾಸಿ. ಈ ಧೈರ್ಯದಲ್ಲೇ ನಾನು ಹೊಸದಾಗಿ ಪಾಠ ಮಾಡಲು ಸೇರಿದಾಗ ಲ್ಯಾಬ್‌ನ ಸೂಚನಾ ಹಾಳೆಯಲ್ಲಿ ಈ ತಿದ್ದುಪಡಿಯನ್ನು ಬರೆದುಬಿಟ್ಟೆ. ಒಂದು ಬ್ಯಾಚು ಎರಡನೇ ಚುಕ್ಕೆಗೂ ಅದನ್ನೇ ಹಾಕಿತು. ನಿಮ್ಮ ಅಂಕಿಗಳನ್ನು ಹಾಕಿ ನೋಡಿ: 1.246 ರ ವರ್ಗದ ಅರ್ಧ 0.776, ಉಳಿದದ್ದು 0.224, ಕೊನೆಗೆ ತರಂಗದೂರ 232 ನ್ಯಾನೋಮೀಟರ್. ಅವಕೆಂಪಿನಿಂದ ಒಂದೇ ಜಿಗಿತಕ್ಕೆ ನೇರಳಾತೀತ! ಸರಣಿಗೆ ಇನ್ನೊಂದು ಪದ ಸೇರಿಸಿದರೆ ಸರಿಹೋಗುತ್ತದೆ ಅಂತಲೂ ಅಲ್ಲ. t ಒಂದಕ್ಕಿಂತ ಜಾಸ್ತಿ ಆದರೆ, ಅಂದರೆ ಕೋನ 45 ಡಿಗ್ರಿ ದಾಟಿದರೆ, t ಯಲ್ಲಿ ಬರೆದ ಈ ಸರಣಿ ಯಾವ ಬೆಲೆಗೂ ಬಂದು ನಿಲ್ಲುವುದೇ ಇಲ್ಲ. ಪದ ಸೇರಿಸಿದಷ್ಟೂ ಹಾಳಾಗುತ್ತದೆ. ಆ ಹಾಳೆಯನ್ನು ಮರುವಾರವೇ ಬದಲಾಯಿಸಿದೆ.

ಮೂರನೇ ದಾರಿ ಕಡಿಮೆ ಗೆರೆಯ ಗ್ರೇಟಿಂಗ್‌ಗೆ ವಾಪಸ್ ಹೋಗಿ ಕೋನವನ್ನು ನಿಜವಾಗಿಯೂ ಚಿಕ್ಕದು ಮಾಡುವುದು. ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಆದರೆ ಇದರಲ್ಲಿ ನಷ್ಟ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರಿಯಾದ ಸೂತ್ರ ಬಳಸಿದಾಗ, y ಯಲ್ಲಿ ಆದ ಶೇಕಡಾವಾರು ತಪ್ಪು ತರಂಗದೂರಕ್ಕೆ ಪೂರ್ತಿ ದಾಟುವುದಿಲ್ಲ, cos² θ ಪಾಲು ಮಾತ್ರ ದಾಟುತ್ತದೆ. ನಿಮ್ಮ ಎರಡನೇ ಚುಕ್ಕೆಯಲ್ಲಿ ಆ ಪಾಲು 0.39. ಅಲ್ಲಿ 62.3 ಸೆಂ.ಮೀ.ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಶೇಕಡಾ 0.16, ಅದರ 0.39 ಪಾಲು ಅಂದರೆ ತರಂಗದೂರದಲ್ಲಿ 0.4 ನ್ಯಾನೋಮೀಟರ್. ಪರದೆಯ ದೂರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಅರ್ಧ ನ್ಯಾನೋಮೀಟರ್ ಅಷ್ಟೇ. 100 ಗೆರೆಯ ಗ್ರೇಟಿಂಗ್‌ನಲ್ಲಿ y ಯಲ್ಲಿ ಅದೇ ಒಂದು ಮಿಲಿಮೀಟರ್ 5 ನ್ಯಾನೋಮೀಟರ್ ತಪ್ಪು ತರುತ್ತದೆ. ನೀವು ಭಯಪಟ್ಟು ಪಕ್ಕಕ್ಕಿಟ್ಟ 62.3 ಇದೆಯಲ್ಲ, ನಿಮ್ಮ ಮೂರು ಅಳತೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದೇ.

ದೊಡ್ಡ ಕೋನಕ್ಕೂ ಅದರದ್ದೇ ಆದ ಕಾಟ ಉಂಟು. ಗ್ರೇಟಿಂಗ್ ಲೇಸರ್‌ಗೆ ನೆಟ್ಟಗೆ ಅಡ್ಡವಾಗಿ ನಿಂತಿರಬೇಕು, ಪರದೆಯೂ ಹಾಗೆಯೇ. ಸ್ವಲ್ಪ ವಾಲಿದರೂ ಎಡಗಡೆಯ ಚುಕ್ಕೆ, ಬಲಗಡೆಯ ಚುಕ್ಕೆ ಬೇರೆ ಬೇರೆ ದೂರಕ್ಕೆ ಬೀಳುತ್ತವೆ. ಆದ್ದರಿಂದ ಎರಡೂ ಕಡೆ ಅಳೆಯಿರಿ. ಎರಡಕ್ಕೂ ಕೆಲವು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸರಾಸರಿ ತೆಗೆಯಬೇಡಿ, ಗ್ರೇಟಿಂಗ್ ಅನ್ನು ಸ್ವಲ್ಪ ತಿರುಗಿಸಿ ಸಮ ಮಾಡಿ, ಮತ್ತೆ ಅಳೆಯಿರಿ. ಇನ್ನೊಂದು ಮಾತು. ಎರಡನೇ ಚುಕ್ಕೆ 51 ಡಿಗ್ರಿಯಲ್ಲಿ ಪಕ್ಕಕ್ಕೆ ಹೋಗುತ್ತದೆ. ಪರದೆ ಸಾಕಷ್ಟು ಅಗಲ ಇಲ್ಲದಿದ್ದರೆ ಅದು ಪಕ್ಕದ ಮೇಜಿನವರ ಕಣ್ಣಿಗೆ ಹೋಗಬಹುದು. ಲೇಸರ್ ಹಚ್ಚುವ ಮೊದಲು ಎರಡೂ ಕಡೆ ರಟ್ಟು ನಿಲ್ಲಿಸಿ.

ಲೆಕ್ಕ ಹಾಕುವ ಮೊದಲೇ ಅಂದಾಜು ಕೈಕೊಟ್ಟಿದೆ ಅಂತ ತಿಳಿಯುವ ದಾರಿ ಇದೆಯಾ? ಇದೆ, ಪರದೆಯ ಮೇಲೆಯೇ ಇದೆ. y = m λ L / d ನಿಜವಾಗಿದ್ದರೆ ಚುಕ್ಕೆಗಳು ಸಮ ಅಂತರದಲ್ಲಿ ಬೀಳಬೇಕು, ಎರಡನೆಯದು ಮೊದಲನೆಯದರ ಸರಿಯಾಗಿ ಎರಡು ಪಟ್ಟು ದೂರ. ನಿಮ್ಮದರಲ್ಲಿ 21.2 ರ ಎರಡು ಪಟ್ಟು 42.4. ಬಿದ್ದದ್ದು 62.3 ರಲ್ಲಿ. 20 ಸೆಂ.ಮೀ. ಆಚೆ! ಚುಕ್ಕೆಗಳೇ ಹೇಳುತ್ತಿದ್ದವು. ನಿಮ್ಮ 100 ಗೆರೆಯ ಗ್ರೇಟಿಂಗ್‌ನಲ್ಲೂ ಇದನ್ನು ಹಿಡಿಯಬಹುದು. 2 ಮೀಟರ್ ದೂರದಲ್ಲಿ ಚುಕ್ಕೆಗಳು ಸುಮಾರು 13.0, 26.2, 39.8, 53.9, 68.7 ಸೆಂ.ಮೀ.ಗೆ ಬೀಳುತ್ತವೆ. ಎರಡನೆಯದರಲ್ಲಿ ವ್ಯತ್ಯಾಸ ಬರೀ 2 ಮಿ.ಮೀ., ಯಾರ ಕಣ್ಣಿಗೂ ಬೀಳುವುದಿಲ್ಲ. ಐದನೆಯದು 65 ರಲ್ಲಿ ಇರಬೇಕಿತ್ತು, ಮೂರೂವರೆ ಸೆಂ.ಮೀ.ಗಿಂತ ಜಾಸ್ತಿ ಮುಂದೆ ಹೋಗಿದೆ. ಐದನೇ ಚುಕ್ಕೆ ಮಂಕಾಗಿರುತ್ತದೆ, ಕೋಣೆ ಕತ್ತಲೆ ಮಾಡಿ ನೋಡಿ.

ಕೊನೆಗೆ, 600 ಗೆರೆಯ ಗ್ರೇಟಿಂಗ್ ಇನ್ನೂ ಹಾಗೇ ನಿಲ್ಲಿಸಿದ್ದರೆ ಮೂರನೇ ಚುಕ್ಕೆಯನ್ನು ಹುಡುಕಿ. ನೀವು ಬಳಸಿದ ಸೂತ್ರದ ಪ್ರಕಾರ ಅದು 58.5 ಸೆಂ.ಮೀ.ನಲ್ಲಿ, ಎರಡನೇ ಚುಕ್ಕೆ ನಿಜವಾಗಿ ಬಿದ್ದಿರುವ ಜಾಗಕ್ಕಿಂತ ಒಳಗೇ ಸಿಗಬೇಕು. ಎಷ್ಟು ದೊಡ್ಡ ಪರದೆ ಇಟ್ಟರೂ ಅದು ಸಿಗುವುದಿಲ್ಲ. ಅದಕ್ಕೆ ಸೈನ್ 1.17 ಆಗಬೇಕು, ಸೈನ್ ಒಂದನ್ನು ದಾಟುವುದಿಲ್ಲ. ಟ್ಯಾನ್‌ಗೆ ಅಂಥ ಮಿತಿ ಇಲ್ಲ, ಅದು 1.17 ಅನ್ನು ಕೇಳಿದ ಕೂಡಲೇ ಒಂದು ಕೋನ ಕೊಟ್ಟುಬಿಡುತ್ತದೆ.